ಅಪ್‌ಡೇಟ್: ಸಿಬಿಟಿ ಪಾಸಾದ ತಂಗಿಯ ಬ್ರಿಟನ್ ನೋಂದಣಿ

ನಾನು ಕೇಳಿದ್ದು: "ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿರುವ ನನ್ನ ತಂಗಿ ಬ್ರಿಟನ್ ನೋಂದಣಿಯ ಕಂಪ್ಯೂಟರ್ ಪರೀಕ್ಷೆಯಾದ ಸಿಬಿಟಿ ಪಾಸಾಗಿದ್ದಾಳೆ. ಬ್ರಿಟನ್ನಿಗೆ ಹೋದ ದಿನದಿಂದಲೇ ನರ್ಸ್ ಆಗಿ ಕೆಲಸ ಮಾಡಬಹುದೇ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಅವಳಿಗೆ ಈಗ ಬ್ರಿಟನ್ನಿನ ನರ್ಸ್ ನೋಂದಣಿ ಮಂಡಳಿಯಾದ ಎನ್‌ಎಂಸಿಯ ನೋಂದಣಿ ಸಂಖ್ಯೆ ಬಂದಿದೆ. ಅಲ್ಲಿಯವರೆಗೆ ಅವಳು ನೋಂದಾಯಿತ ನರ್ಸ್‌ಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿದ್ದಳು; ಇಲ್ಲಿ ಇಡೀ ವಾರ್ಡ್ ನೋಡಿಕೊಂಡವಳಿಗೆ ಅಲ್ಲಿ ಸ್ವಂತ ಹೊಣೆಯ ಮೇಲೆ ಔಷಧಿ ಕೊಡುವ ಅಧಿಕಾರ ಇರಲಿಲ್ಲವೆಂಬುದು ನನಗೂ ಬೇಸರ ತಂದಿತ್ತು.

ನೋಂದಣಿಗೆ ಸಿಬಿಟಿಯ ನಂತರ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯನ್ನೂ ಪಾಸಾಗಬೇಕು. ಬ್ರಿಟನ್ನಿನಲ್ಲೇ ನಡೆಯುವ ಅದರಲ್ಲಿ ಒಂದೊಂದು ಕೌಶಲವನ್ನು ಪರೀಕ್ಷಿಸುವ 10 ಸ್ಟೇಷನ್‌ಗಳಿರುತ್ತವೆ. ಜ್ಞಾನಕ್ಕಿಂತ ರೂಢಿಯೇ ಇಲ್ಲಿ ತೊಡಕಾಗುತ್ತದೆ. ಉದಾಹರಣೆಗೆ, ಅಭ್ಯಾಸದ ವೇಳೆ ಚಾರ್ಟಿನಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿದ್ದು, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಬರೆದಿತ್ತು. ತಂಗಿ ಅದನ್ನು ಗಮನಿಸಿ ಮಾತ್ರೆ ಕೊಡಲಿಲ್ಲ. ಆದರೆ ಕೊಡದ ಕಾರಣವನ್ನು ಚಾರ್ಟಿನಲ್ಲಿ ದಾಖಲಿಸಿ, ವೈದ್ಯರಿಗೆ ತಿಳಿಸುವುದಾಗಿ ಬಾಯಿಬಿಟ್ಟು ಹೇಳಲಿಲ್ಲ. ಪರೀಕ್ಷಕರು ಕಂಡದ್ದಕ್ಕೆ, ಕೇಳಿದ್ದಕ್ಕೆ ಮಾತ್ರ ಅಂಕ ಕೊಡುತ್ತಾರಾದ್ದರಿಂದ, ಕೈ ತೊಳೆಯುವುದು, ಕೈಪಟ್ಟಿಯಲ್ಲಿ ಹೆಸರು ಮತ್ತು ಜನ್ಮದಿನಾಂಕ ತಾಳೆ ನೋಡುವುದು, ಅಲರ್ಜಿ ವಿಚಾರಿಸುವುದು, ಇವನ್ನೆಲ್ಲ ಜೋರಾಗಿ ಹೇಳುತ್ತಲೇ ಮಾಡುವಂತೆ ಆಸ್ಪತ್ರೆಯ ತರಬೇತುದಾರರು ಅವಳನ್ನು ಪಳಗಿಸಿದರು.

ಕೆಲವೇ ಸ್ಟೇಷನ್‌ಗಳಲ್ಲಿ ಫೇಲಾದವರು ಅವಷ್ಟನ್ನೇ ಮತ್ತೆ ಎದುರಿಸಿದರೆ ಸಾಕು.