ಲೈವ್‌ನಲ್ಲಿ ಒಂದೇ ಸೀರೆಗೆ ಇಬ್ಬರು ದುಡ್ಡು ಹಾಕ್ತಾರೆ, ಬುಕಿಂಗ್ ಹೇಗೆ ಹಿಡಿಯೋದು?

ಜರಿಅಂಚು (ವೈ.ಎನ್. ಹೊಸಕೋಟೆ): ಭಾನುವಾರ ಸಂಜೆ 7ಕ್ಕೆ ಯೂಟ್ಯೂಬ್ ಲೈವ್, ಒಂದು ಗಂಟೆಯಲ್ಲಿ 30 ರೇಷ್ಮೆ ಸೀರೆ. ಬಹುಪಾಲು ಒಂದೊಂದೇ ಪೀಸು. ನಾನು ತೋರಿಸ್ತೀನಿ, ನಾದಿನಿ ಕಾಮೆಂಟ್ ನೋಡ್ತಾಳೆ, ಕ್ಯೂಆರ್ ಹಿಂದಿನ ಗೋಡೆಯಲ್ಲಿದೆ. ಹೋದ ವಾರ 14ನೇ ನಂಬರಿನ ಮೆರೂನ್ ಸೀರೆಗೆ (3,850 ರೂ.) ಇಬ್ಬರು ದುಡ್ಡು ಹಾಕಿದರು. ಇಬ್ಬರೂ ‘ನಾನೇ ಮೊದಲು’ ಅಂತಾರೆ. ನಾದಿನಿಗೆ ಕಂಡಿದ್ದು ಒಬ್ಬರ ಕಾಮೆಂಟ್ ಮಾತ್ರ.

ಶಿರಾಗೇಟ್: ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ ಅಕ್ಕ. ಅದರಲ್ಲಿ 12 ಅಂಕಿಯ ಯುಟಿಆರ್ ಇರುತ್ತೆ. ಮೊದಲು ಕಳಿಸಿದವರಿಗೆ ಸೀರೆ.

ಮಾವಿನಬುಟ್ಟಿ (ಶ್ರೀನಿವಾಸಪುರ): ನಾವು ಬಾದಾಮಿ ಮಾವು ಬಾಕ್ಸ್ ಲೆಕ್ಕದಲ್ಲಿ ಮಾರೋದು. ಕ್ಯೂಆರ್ ಗೋಡೆ ಮೇಲೇ ಇರುತ್ತೆ, ಯಾವ ತೊಂದರೆಯೂ ಇಲ್ಲ. ನಿಮ್ಮ ನೆಟ್ ಸ್ಲೋ ಇರಬೇಕು, ನೋಡಿ.

ಲೆಕ್ಕದಪುಸ್ತಕ (ತುಮಕೂರು): ಬುಟ್ಟಿಯವರೇ, ನಿಮ್ಮಲ್ಲಿ 60 ಬಾಕ್ಸ್ ಒಂದೇ ಥರ. ಇಬ್ಬರು ದುಡ್ಡು ಹಾಕಿದರೆ ಇಬ್ಬರಿಗೂ ಒಂದೊಂದು ಎತ್ತಿಕೊಡ್ತೀರಿ. ಸೀರೆ ಒಂದೇ ಇರೋದು, ಇಲ್ಲಿ ಗೋಡೆಯ ಕ್ಯೂಆರೇ ತಪ್ಪು. ನೋಡುತ್ತಿರುವ ಯಾರು ಬೇಕಾದರೂ ನಿಮ್ಮನ್ನು ಕೇಳದೆ ಹಾಕಬಹುದು. ಮೊದಲು ಅದನ್ನು ಕಿತ್ತುಹಾಕಿ.

ಕಾಮೆಂಟ್ ಕಾಣದ್ದಕ್ಕೆ ಕಾರಣ ಬೇರೆ. ಚಾಟ್ ‘Top chat’ನಲ್ಲಿದ್ದರೆ ಕೆಲವು ಸಂದೇಶಗಳನ್ನು ಯೂಟ್ಯೂಬೇ ಸೋಸಿಬಿಡುತ್ತೆ. ನಾದಿನಿಯವರು ಬೇರೆ ಫೋನಿನಲ್ಲಿ ‘Live chat’ಗೆ ಬದಲಿಸಿಕೊಂಡು ಕೂರಲಿ. ಆ ಫೋನಲ್ಲಿ ಮೊದಲು ಕಂಡದ್ದೇ ಮೊದಲು ಅಂತ ಲೈವ್ ಶುರುವಾದಾಗಲೇ ಹೇಳಿಬಿಡಿ. ಒಬ್ಬೊಬ್ಬರಿಗೆ ವಿಡಿಯೋ ಕೆಲವು ಸೆಕೆಂಡ್ ಹಿಂದೆ ಮುಂದೆ ತಲುಪುತ್ತೆ, ಅವರವರ ಫೋನ್ ನಂಬಿದರೆ ಜಗಳ ಮುಗಿಯಲ್ಲ.

‘ಬುಕ್’ ಅಂತ ಬರೆಸಬೇಡಿ, ಬರೀ ‘14’ ಬರೆಸಿ. ಮೊದಲನೆಯವರ ಹೆಸರನ್ನು ನೀವು ಕ್ಯಾಮೆರಾ ಮುಂದೆ ಕೂಗಿ, ಅವರೇ ನಿಮ್ಮ ವಾಟ್ಸಾಪ್‌ಗೆ ‘14’ ಕಳಿಸಲಿ. ಅವರ ನಂಬರನ್ನು ಕಾಮೆಂಟಲ್ಲಿ ಹಾಕಿಸಲೇಬೇಡಿ. ಅದನ್ನು ನೋಡಿ ನಿಮ್ಮ ಹೆಸರು ಹೇಳಿಕೊಂಡು ದುಡ್ಡು ಕೇಳುವವರು ಇರ್ತಾರೆ.

ಪಾವತಿಗೆ ಪೈಸೆ ಬಳಸಿ. 14ನೇ ಸೀರೆಗೆ 3,850 ಅಲ್ಲ, 3,850.14 ಹಾಕಲು ಹೇಳಿ. ಬ್ಯಾಂಕ್ ಆ್ಯಪಲ್ಲಿ 3,850.14 ಬಿದ್ದ ತಕ್ಷಣ ಯಾವ ಸೀರೆ ಅಂತ ಕೇಳುವ ಕೆಲಸವೇ ಇಲ್ಲ. ಶಿರಾಗೇಟ್ ಹೇಳಿದ ಯುಟಿಆರ್ ಆಮೇಲೆ ಹುಡುಕಲು ಬೇಕು, ಸರಿ. ಆದರೆ ಸ್ಕ್ರೀನ್‌ಶಾಟನ್ನು ತಿದ್ದಬಹುದು, ‘ಪೆಂಡಿಂಗ್’ದೂ ಕಳಿಸ್ತಾರೆ. ನಿಮ್ಮ ಖಾತೆಗೆ ಬಿದ್ದದ್ದಷ್ಟೇ ದುಡ್ಡು.

ಜರಿಅಂಚು: ನಿನ್ನೆ ಮನೆಯವರ ಜೊತೆ ಟ್ರಯಲ್ ಮಾಡಿದೆ ಸರ್, ಎರಡು ಕಡೆ ಸಿಕ್ಕಿಕೊಂಡಿತು. 5ನೇ ನಂಬರಿಗೆ 2,600.5 ಅಂದೆ, 50 ಪೈಸೆ ಬಂತು. 14ಕ್ಕೆ ಕ್ಯೂಆರ್ ಫೋಟೊ ವಾಟ್ಸಾಪ್ ಮಾಡಿದೆ, ಪಾವತಿ ಆಗಲೇ ಇಲ್ಲ.

ಲೆಕ್ಕದಪುಸ್ತಕ: ಮೊದಲನೆಯದಕ್ಕೆ ನಂಬರ್ 11ರಿಂದ ಶುರು ಮಾಡಿ, ಒಂದಂಕಿ ಬೇಡವೇ ಬೇಡ. 30 ಸೀರೆ ಅಂದರೆ 11ರಿಂದ 40. ಎರಡನೆಯದು, ಗ್ಯಾಲರಿಯಿಂದ ಕ್ಯೂಆರ್ ತೆಗೆದು ವೈಯಕ್ತಿಕ ಖಾತೆಗೆ ಹಾಕುವಾಗ 2,000 ರೂ. ಮಿತಿ ಇದೆ. ಗಿರಾಕಿ ಅದೇ ಫೋನಲ್ಲಿ ಲೈವ್ ನೋಡ್ತಿರ್ತಾರೆ, ಸ್ಕ್ಯಾನ್ ಎಲ್ಲಿಂದ ಮಾಡೋದು? ಯುಪಿಐ ಐಡಿಯನ್ನೂ ಮೊತ್ತವನ್ನೂ ಅಕ್ಷರದಲ್ಲೇ ಕಳಿಸಿ, ಹತ್ತು ನಿಮಿಷ ಗಡುವು ಕೊಡಿ. 7:32ಕ್ಕೆ ಕಳಿಸಿದರೆ: ‘3850.14, ಪೈಸೆ ಸಮೇತ, 7:42ರೊಳಗೆ’.

7:42 ದಾಟಿದರೆ ಸಾಲಿನ ಎರಡನೆಯವರಿಗೆ ಹೋಗುತ್ತೆ, ಆದರೆ ಪೈಸೆಗೆ 50 ಕೂಡಿಸಿ 3,850.64 ಹೇಳಿ. ಮೊದಲನೆಯವರು 7:50ಕ್ಕೆ ತಡವಾಗಿ .14 ಹಾಕಿದರೂ ಗೊತ್ತಾಗುತ್ತೆ, ಆಗ ವಾಪಸ್ ಯಾರಿಗೆ ಅಂತ ಗೊಂದಲ ಇರಲ್ಲ.

ಶಿರಾಗೇಟ್: ಹತ್ತು ನಿಮಿಷ ಜಾಸ್ತಿ ಆಯ್ತು. ಐದು ಸಾಕು.

ಲೆಕ್ಕದಪುಸ್ತಕ: ಯುಪಿಐ ಕೈಕೊಟ್ಟ ದಿನ ಐದು ಸಾಲಲ್ಲ. ಅದು ನಿಮ್ಮ ಗಿರಾಕಿ ಮೇಲೆ.

ಇನ್ನು ಸೀರೆ ತೋರಿಸುವ ಸಾಲು. ಮೊದಲ ಹತ್ತು ನಿಮಿಷ ಜನ ಇನ್ನೂ ಸೇರ್ತಿರ್ತಾರೆ. ಎರಡು ಮೂರು ಪೀಸ್ ಇರುವ, ಕಡಿಮೆ ಬೆಲೆಯವನ್ನು ಆಗ ತೋರಿಸಿ. ಜಗಳ ಆದರೂ ಇನ್ನೊಂದು ಪೀಸ್ ಇರುತ್ತೆ, ನಾದಿನಿಯವರ ಕೈಯೂ ಪಳಗುತ್ತೆ. ಮೆರೂನ್ ಥರದವು 15ನೇ ನಿಮಿಷದ ಮೇಲೆ, ಆದರೆ ಎರಡು ದುಬಾರಿ ಸೀರೆ ಒಂದರ ಹಿಂದೆ ಒಂದು ಬೇಡ. ಒಂದರ ಪಾವತಿ ಕೂಡಿಬರುವಷ್ಟರಲ್ಲಿ ನಡುವೆ ಎರಡು ಸಾಧಾರಣ ಸೀರೆ ಬಿಡಿಸಿ. ಸೆರಗು, ಒಡಲು, ರವಿಕೆ ಕಣ, ನೇಯ್ಗೆಯಲ್ಲಿ ಎಳೆ ಬಿಟ್ಟಿದ್ದರೆ ಆ ಜಾಗ ಹತ್ತಿರದಿಂದ ತೋರಿಸಬೇಕು. ಸೀರೆಗೆ ಎರಡು ನಿಮಿಷ ಅಂದರೆ ಗಂಟೆಗೆ 30 ಬರೀ ಕಾಗದದ ಮೇಲೆ. 22 ಇಟ್ಟುಕೊಳ್ಳಿ.

ಮಾವಿನಬುಟ್ಟಿ: ನಮಗೂ ಈ ಪೈಸೆ ನಡೆಯುತ್ತಾ? ಒಂದೇ ರೇಟಿನ 60 ಬಾಕ್ಸ್.

ಲೆಕ್ಕದಪುಸ್ತಕ: ನಡೆಯುತ್ತೆ, ಪೈಸೆಯನ್ನು ಬಾಕ್ಸಿಗಲ್ಲ, ಗಿರಾಕಿಗೆ ಕೊಡಿ. ನೂರು ಜನ ದಾಟಿದರೆ ಮಾತ್ರ ಪೈಸೆ ಮುಗಿದುಹೋಗುತ್ತೆ.

ಜರಿಅಂಚು: ಹೋದ ವಾರದ 14 ಹಾಗೇ ಉಳಿದಿದೆ ಸರ್. ಖಾತೆಯಲ್ಲಿ ಇಬ್ಬರದೂ 7:31 ತೋರಿಸ್ತಿದೆ. ಒಬ್ಬರಿಗೆ ವಾಪಸ್ ಮಾಡ್ತೀನಿ ಅಂದರೆ ಇಬ್ಬರೂ ದುಡ್ಡು ಬೇಡ, ಸೀರೆ ಬೇಕು ಅಂತಾರೆ.

ಶಿರಾಗೇಟ್: ಮಗ್ಗದಲ್ಲಿ ಅದೇ ಬಣ್ಣದ್ದು ಇನ್ನೊಂದು ಆಗಲ್ವಾ ಅಕ್ಕ?

ಜರಿಅಂಚು: ಆ ಹಾಸು ಮುಗಿದಿದೆ. ನೇಯುವವರನ್ನು ಕೇಳಿ ಹೇಳ್ತೀನಿ.