ವರ್ಷಾಬ್ದಿಕದ ದಿನವೇ ಸಂದರ್ಶನ: ಅಣ್ಣನ ಮಗನಿಗೆ ಹೇಳಿದ್ದು

"ಅತ್ತೆ, ಬರುವ ಗುರುವಾರ ಬೆಳಿಗ್ಗೆ 11ಕ್ಕೆ ಎರಡನೇ ಸುತ್ತಿನ ಸಂದರ್ಶನ ಇಟ್ಟಿದ್ದಾರೆ. ಅದೇ ದಿನ ತೀರ್ಥಹಳ್ಳಿಯಲ್ಲಿ ಅಪ್ಪನ ವರ್ಷಾಬ್ದಿಕ. ರಿಕ್ರೂಟರ್ ಗುರುಗ್ರಾಮದವರು. ದಿನ ಬದಲಿಸಿ ಎಂದರೆ ಕೆಲಸವೇ ಕೈತಪ್ಪುತ್ತದೆಯೇ? ಜ್ವರ ಎಂದು ಹೇಳಿಬಿಡಲೇ?"

ಪುಟ್ಟಾ, ಜ್ವರದ ಮಾತು ಬೇಡವೇ ಬೇಡ. ಸುಳ್ಳು ತಪ್ಪು ಎನ್ನುವುದು ಒಂದು ಕಡೆ ಇರಲಿ, ನಿನ್ನ ಕೆಲಸವನ್ನೇ ಅದು ಕೆಡಿಸುತ್ತದೆ. ಇಷ್ಟು ವರ್ಷ ನೇಮಕಾತಿ ವಿಭಾಗದಲ್ಲೇ ಕುಳಿತಿದ್ದೇನೆ, ಆಚೆ ಬದಿಯಲ್ಲಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ ಕೇಳು. ಜ್ವರ ಎಂದವರು ಯಾವಾಗ ಎದ್ದು ಕೂರುತ್ತಾರೆ ಎಂದು ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಹೊಸ ಸಮಯ ಗೊತ್ತುಮಾಡದೆ "ಗುಣವಾದ ಮೇಲೆ ತಿಳಿಸಿ" ಎಂದು ಬರೆದು ಮುಂದಿನ ಅಭ್ಯರ್ಥಿಯ ಕಡತ ತೆಗೆಯುತ್ತೇವೆ. ತಿಥಿಗೆ ದಿನ ಗೊತ್ತಿದೆ, ಮುಗಿಯುವ ಹೊತ್ತೂ ಗೊತ್ತಿದೆ. ರಿಕ್ರೂಟರ್‌ಗೆ ಬೇಕಾಗಿರುವುದು ಅದೇ. ನಿನ್ನಪ್ಪನ ತಿಥಿಯನ್ನು ಜ್ವರದ ಹಿಂದೆ ಬಚ್ಚಿಡುವ ಅಗತ್ಯ ನಿನಗೇನೂ ಇಲ್ಲ.

ಆದರೆ ಮೇಲ್ ಬರೆಯುವುದಕ್ಕೆ ಮುಂಚೆ ಒಂದು ಕೆಲಸ ಮಾಡು. ಗುರುವಾರವೇ ಹೌದೇ ಎಂದು ಈ ರಾತ್ರಿಯೇ ಭಟ್ಟರಿಗೆ ಫೋನು ಮಾಡಿ ಖಚಿತಪಡಿಸಿಕೊ. ಅತ್ತಿಗೆ, ನೀವೂ ಇದನ್ನು ಕೇಳುತ್ತಿದ್ದರೆ ದಯವಿಟ್ಟು ನೀವೇ ಮಾಡಿ. ಏಕೆ ಎಂದರೆ ಮೊಬೈಲಿನ ಕ್ಯಾಲೆಂಡರ್ ತೋರಿಸುವುದು ಸೂರ್ಯೋದಯದ ಹೊತ್ತಿಗಿರುವ ತಿಥಿಯನ್ನು. ಶ್ರಾದ್ಧಕ್ಕೆ ನೋಡುವುದು ಅಪರಾಹ್ನದಲ್ಲಿ ಇರುವ ತಿಥಿಯನ್ನು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ, ಸುಮಾರಾಗಿ 1.15ರಿಂದ 3.30ರವರೆಗೆ. ಷಷ್ಠಿ ಬುಧವಾರ ಮಧ್ಯಾಹ್ನ 12ಕ್ಕೆ ಆರಂಭವಾಗಿ ಗುರುವಾರ ಬೆಳಿಗ್ಗೆ 11ಕ್ಕೆ ಮುಗಿಯಿತು ಎಂದುಕೊ. ಮೊಬೈಲು ಗುರುವಾರ ಷಷ್ಠಿ ಎನ್ನುತ್ತದೆ, ಶ್ರಾದ್ಧ ಮಾತ್ರ ಬುಧವಾರಕ್ಕೆ ಬರುತ್ತದೆ. ಇದರ ಮೇಲೆ ಪಂಚಾಂಗದಿಂದ ಪಂಚಾಂಗಕ್ಕೆ ಒಂದು ದಿನ ಆಚೀಚೆ ಆಗುವುದೂ ಉಂಟು, ನಮ್ಮ ಮನೆಗೆ ಭಟ್ಟರು ಹಿಡಿಯುವ ಪಂಚಾಂಗವೇ ಪ್ರಮಾಣ. ವರ್ಷಾಬ್ದಿಕಕ್ಕೆ ಮುಂಚೆ ಮಾಡುವ ಊನಾಬ್ದಿಕವನ್ನು ಯಾವ ದಿನಕ್ಕೆ ಇಟ್ಟಿದ್ದಾರೆ ಎನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿಬಿಡು. ಇಷ್ಟು ಒತ್ತಿ ಹೇಳುವುದು ಏಕೆಂದರೆ, ಸಮಯ ಬದಲಿಸಿ ಎಂದು ಒಮ್ಮೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. "ಕ್ಷಮಿಸಿ, ಗುರುವಾರವಲ್ಲ, ಬುಧವಾರ" ಎಂದು ಎರಡನೇ ಸಲ ಬರೆದರೆ ಕಷ್ಟ. ಆಗ ಇವನಿಗೆ ಕೆಲಸದ ಮೇಲೆ ಮನಸ್ಸಿದೆಯೇ ಎಂಬ ಅನುಮಾನ ಸಂದರ್ಶಕರಿಗೆ ಬರುತ್ತದೆ.

ಈಗ ಯೋಚಿಸಬೇಕಾದದ್ದು, ನಿನಗೆ ಬೇಕಾಗಿರುವುದು ಇನ್ನೊಂದು ಗಂಟೆಯೋ, ಇನ್ನೊಂದು ದಿನವೋ ಎಂದು. ವರಮಹಾಲಕ್ಷ್ಮಿ ಹಬ್ಬವಾಗಿದ್ದರೆ ನಾನು ಗಂಟೆ ಬದಲಿಸಿಕೊ ಎನ್ನುತ್ತಿದ್ದೆ. ಬೆಳಗಿನ ಪೂಜೆ ಮುಗಿದು ಸಂಜೆಯ ಅರಿಶಿನ ಕುಂಕುಮದವರೆಗೆ ಮಧ್ಯಾಹ್ನ ಬಿಡುವು ಸಿಗುತ್ತದೆ, ಮೂರು ಗಂಟೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂರಬಹುದು. ವರ್ಷಾಬ್ದಿಕಕ್ಕೆ ಆ ಲೆಕ್ಕ ನಡೆಯುವುದಿಲ್ಲ. ನೀನೇ ಕರ್ತೃ. ಹಿಂದಿನ ರಾತ್ರಿಯಿಂದಲೇ ಊಟದ ನಿಯಮ, ಅಂದು ಪಿಂಡಪ್ರದಾನವಾಗಿ ಬ್ರಾಹ್ಮಣರ ಭೋಜನ ಮುಗಿಯುವವರೆಗೆ ಹೊಟ್ಟೆಗೆ ಏನೂ ಇಲ್ಲ. ನೀನು ಎಲೆಯ ಮುಂದೆ ಕೂರುವಾಗಲೇ ಮೂರು ದಾಟಿರುತ್ತದೆ. ಸಂಜೆ ಐದಕ್ಕೆ ಮಾಡೋಣವೇ ಎಂದು ಅವರೇ ಕೇಳಿದರೂ ಒಪ್ಪಿಕೊಳ್ಳಬೇಡ. ಅಪ್ಪ ಹೋಗಿ ವರ್ಷ ತುಂಬಿದ ದಿನ, ಅಮ್ಮ ಒಳಗೆ ಒಬ್ಬರೇ ಕುಳಿತಿರುವಾಗ, ಕೋಡ್ ಬರೆದು ತೋರಿಸು ಎಂದರೆ ನಿನ್ನ ಕೈಲಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನೀನು ದಿನವನ್ನೇ ಕೇಳು.

ಹೇಗೆ ಕೇಳಬೇಕು ಎಂದರೆ, ಕಾರಣ ಒಂದೇ ಸಾಲಿನಲ್ಲಿ ಇರಲಿ, ಬದಲಿ ಸಮಯ ಮಾತ್ರ ಎರಡು ಮೂರು ಇರಲಿ. ನಮ್ಮ ಕಚೇರಿಯಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಒಬ್ಬ ಹುಡುಗ ಮನೆಯ ಗೃಹಪ್ರವೇಶದ ಬಗ್ಗೆ ಅರ್ಧ ಪುಟ ಬರೆದಿದ್ದ. ಯಾವ ಹೋಮ, ಯಾರು ಬರುತ್ತಾರೆ, ಹಿರಿಯ ಮಗನಾಗಿ ತಾನು ಏಕೆ ಇರಲೇಬೇಕು, ಎಲ್ಲವೂ ಅದರಲ್ಲಿತ್ತು. ತಾನು ಯಾವಾಗ ಸಿಗುತ್ತೇನೆ ಎನ್ನುವುದೊಂದು ಇರಲಿಲ್ಲ. ಅದಕ್ಕೆ ಉತ್ತರ ಬರೆಯಬೇಕೆಂದರೆ ನಾವೇ ಮತ್ತೆ ಅವನನ್ನು ಕೇಳಬೇಕು, ಅವನು ಹೇಳಿದ ಮೇಲೆ ಸಂದರ್ಶಕರನ್ನು ಕೇಳಬೇಕು, ಆ ಹೊತ್ತಿಗೆ ಅವರ ಬಿಡುವು ತುಂಬಿರುತ್ತದೆ. ಆ ಮೇಲ್ ಹಾಗೆಯೇ ಕೆಳಗೆ ಸರಿದುಹೋಯಿತು. ಅದೇ ತಿಂಗಳು ಒಬ್ಬಳು ಹುಡುಗಿ ಅಣ್ಣನ ಮದುವೆಯ ಧಾರೆ ಇದೆ ಎಂದು ಒಂದೇ ಸಾಲು ಬರೆದು, ಕೆಳಗೆ ಮೂರು ಸಮಯ ಕೊಟ್ಟಿದ್ದಳು. ನಾನು ಸಂದರ್ಶಕರ ಕ್ಯಾಲೆಂಡರ್ ತೆರೆದೆ, ಎರಡನೆಯದು ಇಬ್ಬರಿಗೂ ಹೊಂದಿತು, ಹೊಸ ಆಹ್ವಾನ ಕಳಿಸಿದೆ, ಅಷ್ಟೇ. ಬದಲಿಸುವ ಕೆಲಸ ಎಂದರೆ ನಮಗೆ ಇರುವುದು ಇದೊಂದೇ: ಇಬ್ಬರು ಮೂವರು ಸಂದರ್ಶಕರಿಗೆ ಒಟ್ಟಿಗೆ ಬಿಡುವಿರುವ ಒಂದು ಗಂಟೆಯನ್ನು ಹುಡುಕುವುದು. ಅದನ್ನು ನೀನು ಸುಲಭ ಮಾಡಿಕೊಟ್ಟರೆ ಮುಗಿಯಿತು.

ನಿನ್ನ ಸಮಯಗಳನ್ನು ಈಗಲೇ ಲೆಕ್ಕ ಹಾಕೋಣ. ಮಂಗಳವಾರ ನೀನು ಇನ್ನೂ ಬೆಂಗಳೂರಿನಲ್ಲಿ ಇರುತ್ತೀಯ, ರಾತ್ರಿಯ ಬಸ್ಸಿಗೆ ಹೊರಡುತ್ತೀಯ. ಆದ್ದರಿಂದ ಮಂಗಳವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಯಾವ ಹೊತ್ತಾದರೂ ಸರಿ ಎಂದು ಮೊದಲ ಸಾಲಿನಲ್ಲೇ ಬರೆ. ಮುಂದೂಡಿ ಎನ್ನುವವರೇ ಹೆಚ್ಚು, ಹಿಂದಕ್ಕೆ ತನ್ನಿ ಎನ್ನುವವರು ಅಪರೂಪ. ಹುದ್ದೆ ಬೇಗ ತುಂಬಬೇಕೆಂಬ ಒತ್ತಡ ರಿಕ್ರೂಟರ್ ಮೇಲೆ ಇದ್ದೇ ಇರುತ್ತದೆ, ಹಾಗಾಗಿ ಎರಡು ದಿನ ಮುಂಚಿತವಾಗಿ ಸಿಗುವ ಅಭ್ಯರ್ಥಿಯನ್ನು ಅವರು ಬಿಡುವುದಿಲ್ಲ. ತಯಾರಿ ಆಗಿಲ್ಲ ಎಂದಾದರೆ ಮಾತ್ರ ಮಂಗಳವಾರವನ್ನು ಕೊಡಬೇಡ, ಕೊಟ್ಟರೆ ಅದನ್ನೇ ಹಿಡಿಯುತ್ತಾರೆ. ಶುಕ್ರವಾರ ಸಂಜೆ 4ರ ನಂತರ ಎರಡನೆಯದಾಗಿ ಇರಲಿ, ಆದರೆ ಶಿವಮೊಗ್ಗದ ಚಿಕ್ಕಮ್ಮನ ಮನೆಗೆ ಬಂದು ಅಲ್ಲಿಂದ ಕೂರಬೇಕು. ನಮ್ಮ ಮನೆಯಲ್ಲಿ ಮಳೆ ಹಿಡಿದರೆ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿನಗೇ ಗೊತ್ತು, ನಡುವೆ ಸಂಪರ್ಕ ಕಡಿದರೆ ದಿನ ಬದಲಿಸಿಯೂ ಪ್ರಯೋಜನವಾಗಲಿಲ್ಲ. ಮೂರನೆಯದು ಅದರ ಮುಂದಿನ ಸೋಮವಾರ ಇಡೀ ದಿನ. ಪ್ರತಿಯೊಂದಕ್ಕೂ ವಾರ, ದಿನಾಂಕ ಎರಡನ್ನೂ ಬರೆ. ಸಂದರ್ಶಕರು ಹೊರದೇಶದಲ್ಲಿದ್ದರೆ ಇದು ಭಾರತೀಯ ಕಾಲಮಾನ ಎಂದೂ ಸೇರಿಸು.

ಮೇಲ್‌ನಲ್ಲಿ ಹೇಳಬೇಕಾದದ್ದು ಇಷ್ಟೇ, ಇಂಗ್ಲಿಷಿಗೆ ನೀನೇ ಹಾಕಿಕೊ:

"ಗುರುವಾರ 11 ಗಂಟೆಯ ಎರಡನೇ ಸುತ್ತಿಗೆ ಕರೆದಿದ್ದಕ್ಕೆ ಧನ್ಯವಾದಗಳು. ಅಂದು ನನ್ನ ತಂದೆಯವರ ಮೊದಲ ವರ್ಷದ ಶ್ರಾದ್ಧವಿದೆ, ಮಗನಾಗಿ ನಾನೇ ಅದನ್ನು ನಡೆಸಬೇಕು, ಹಾಗಾಗಿ ಇಡೀ ದಿನ ಲಭ್ಯನಿರುವುದಿಲ್ಲ. ಮಂಗಳವಾರ 10ರಿಂದ 5, ಶುಕ್ರವಾರ 4ರ ನಂತರ, ಅಥವಾ ಮುಂದಿನ ಸೋಮವಾರ ಯಾವ ಹೊತ್ತಾದರೂ ಹಾಜರಾಗುತ್ತೇನೆ. ಇವುಗಳಲ್ಲಿ ಯಾವುದು ಸಂದರ್ಶಕರಿಗೆ ಅನುಕೂಲ ಎಂದು ತಿಳಿಸುವಿರಾ?"

ಇದಕ್ಕಿಂತ ಒಂದು ಸಾಲೂ ಹೆಚ್ಚು ಬೇಡ. ಗುರುಗ್ರಾಮದವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಚಿಂತೆಯೂ ಬೇಡ. ತಂದೆಯ ಮೊದಲ ವರ್ಷದ ತಿಥಿ ಎಲ್ಲರ ಮನೆಯಲ್ಲೂ ಇದೆ, ಫೋನಿನಲ್ಲಿ ಮಾತನಾಡುವಾಗ 'ಬರಸಿ' ಎಂದರೆ ಅವರು ಮುಂದೆ ಏನೂ ಕೇಳುವುದಿಲ್ಲ. ನಿಜವಾಗಿ ವಿವರಿಸಬೇಕಾಗುವುದು ನಮ್ಮ ಹಬ್ಬಗಳನ್ನು. ಮಹಾಲಯ ಅಮಾವಾಸ್ಯೆಗೆ ಕರ್ನಾಟಕದಲ್ಲಿ ಸರಕಾರಿ ರಜೆ ಇದ್ದರೂ ಉತ್ತರದ ಕಚೇರಿಯ ರಜಾಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಲಿ ಕುಳಿತವರು ತಿಳಿಯದೆ ಆ ದಿನ ಸಂದರ್ಶನ ಇಟ್ಟುಬಿಡುತ್ತಾರೆ. ಅದರಲ್ಲಿ ಅವರ ಉಪೇಕ್ಷೆ ಏನೂ ಇರುವುದಿಲ್ಲ.

ಕಳಿಸುವ ರೀತಿಯಲ್ಲೂ ಒಂದು ಎಚ್ಚರ. ಕ್ಯಾಲೆಂಡರ್ ಆಹ್ವಾನದಲ್ಲಿ Decline ಒತ್ತಿ ಸುಮ್ಮನಾಗಬೇಡ. ಎಷ್ಟೋ ಸಂಸ್ಥೆಗಳಲ್ಲಿ ಆ ಆಹ್ವಾನವನ್ನು ಕಳಿಸುವುದು ತಂತ್ರಾಂಶ, ನಿನ್ನ ಉತ್ತರ ಯಾರೂ ತೆರೆಯದ ಪೆಟ್ಟಿಗೆಗೆ ಹೋಗುತ್ತದೆ. ಸಂದರ್ಶಕರಿಗೆ ಮಾತ್ರ ನೀನು ನಿರಾಕರಿಸಿದ್ದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ರಿಕ್ರೂಟರ್ ನಿನಗೆ ಬರೆದ ಹಳೆಯ ಮೇಲ್‌ಗೇ ಉತ್ತರವಾಗಿ ಬರೆ, ಆಗ ನಿನ್ನ ಹೆಸರು, ಹುದ್ದೆ, ಹಿಂದಿನ ಸುತ್ತು ಎಲ್ಲವೂ ಅವರ ಕಣ್ಣೆದುರಿಗೇ ಇರುತ್ತದೆ. ಇಂದು ಭಾನುವಾರ. ನಾಳೆ ಬೆಳಿಗ್ಗೆ 9ರೊಳಗೆ ಮೇಲ್ ಹೋಗಲಿ. 11ರ ಹೊತ್ತಿಗೆ ಫೋನು ಮಾಡಿ, "ಒಂದು ಮೇಲ್ ಕಳಿಸಿದ್ದೇನೆ, ನೋಡುವಿರಾ" ಎಂದಷ್ಟೇ ಹೇಳು. ಬುಧವಾರ ಸಂಜೆ ಕೇಳಿದ್ದರೆ ಇದೇ ಮಾತು ಭಾರವಾಗುತ್ತಿತ್ತು, ಅಷ್ಟರಲ್ಲಿ ಸಂದರ್ಶಕರು ಬೇರೆ ಸಭೆಗಳನ್ನು ಬಿಟ್ಟು ಆ ಗಂಟೆಯನ್ನು ನಿನಗಾಗಿ ಕಾಯ್ದಿರಿಸಿಕೊಂಡಿರುತ್ತಾರೆ.

"ಸರಿ, ನೋಡುತ್ತೇನೆ" ಎಂದು ಅವರು ಹೇಳಿದ ಮಾತ್ರಕ್ಕೆ ಬದಲಾಯಿತು ಎಂದುಕೊಳ್ಳಬೇಡ. ಹೊಸ ಆಹ್ವಾನ ಕೈಗೆ ಬರುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ. ಎಷ್ಟೋ ಸಲ ರಿಕ್ರೂಟರ್ ಒಪ್ಪಿರುತ್ತಾರೆ, ಸಮಯ ನಿಗದಿ ಮಾಡುವವರಿಗೆ ಹೇಳಲು ಮರೆತಿರುತ್ತಾರೆ, ಗುರುವಾರ 11ಕ್ಕೆ ಸಂದರ್ಶಕರು ಬಂದು ಕಾದು ಗೈರುಹಾಜರಿ ಎಂದು ದಾಖಲಿಸುತ್ತಾರೆ. ಆ ಗುರುತು ಬಿದ್ದರೆ ತೆಗೆಸುವುದು ಕಷ್ಟ. ಸೋಮವಾರ ಸಂಜೆಯವರೆಗೆ ಏನೂ ಬರದಿದ್ದರೆ ಮತ್ತೊಮ್ಮೆ ಫೋನು ಮಾಡು. ಆಗಲೂ ಉತ್ತರವಿಲ್ಲದಿದ್ದರೆ, ಮಂಗಳವಾರ ಬಸ್ಸು ಹತ್ತುವ ಮುಂಚೆ "ಗುರುವಾರ ನಾನು ಬರಲಾಗುವುದಿಲ್ಲ, ಶುಕ್ರವಾರ ಮತ್ತು ಸೋಮವಾರ ಸಿದ್ಧನಿದ್ದೇನೆ" ಎಂದು ಎರಡು ಸಾಲು ಹಾಕಿ, ಅದು ತಲುಪಿದೆ ಎಂದು ನೋಡಿಕೊಂಡು ಹೊರಡು.

ಆಗುವುದಿಲ್ಲ ಎಂದೇ ಹೇಳಿದರೆ? ಅಂಥ ಸಂದರ್ಭಗಳೂ ಇವೆ, ಮುಚ್ಚಿಡುವುದಿಲ್ಲ. ಒಂದೇ ದಿನ ನಡೆಯುವ ವಾಕ್ ಇನ್ ಸಂದರ್ಶನ, ಕಾಲೇಜಿಗೇ ಬಂದು ನಡೆಸುವ ಕ್ಯಾಂಪಸ್ ಆಯ್ಕೆ, ಸರಕಾರಿ ಆಯೋಗಗಳ ಸಂದರ್ಶನ, ಇವನ್ನು ರಿಕ್ರೂಟರ್ ಒಬ್ಬರ ಮಾತಿನಿಂದ ಸರಿಸಲಾಗುವುದಿಲ್ಲ. ಖಾಸಗಿ ಸಂಸ್ಥೆಯಲ್ಲೂ ಇನ್ನೊಬ್ಬರಿಗೆ ಕೆಲಸದ ಪತ್ರ ಕೊಡುವ ಹಂತ ಬಂದಿದ್ದರೆ ಕಾಯುವುದಿಲ್ಲ. ನಿನ್ನದು ಎರಡನೇ ಸುತ್ತು, ಮೊದಲನೆಯದರಲ್ಲಿ ನಿನ್ನನ್ನು ಮೆಚ್ಚಿಯೇ ಕರೆದಿದ್ದಾರೆ, ಇಂಥ ಕಡೆ ಒಪ್ಪದಿರುವುದು ಕಡಿಮೆ. ಬೇಡ ಎಂದರೆ ಒಂದೇ ಪ್ರಶ್ನೆ ಕೇಳು: "ಈ ಸುತ್ತನ್ನು ಎಂದಿನೊಳಗೆ ಮುಗಿಸಬೇಕಿದೆ?" ಶುಕ್ರವಾರ ಎಂದರೆ ಮಂಗಳವಾರಕ್ಕೆ ಪಟ್ಟು ಹಿಡಿ. ಯಾವುದಕ್ಕೂ ಜಗ್ಗದಿದ್ದರೆ ನನಗೆ ಫೋನು ಮಾಡು. ಆದರೆ ನನ್ನ ಅಭಿಪ್ರಾಯ ಈಗಲೇ ಕೇಳಿಕೊ: ಕೆಲಸ ಹೋದರೂ ಚಿಂತೆಯಿಲ್ಲ, ಗುರುವಾರ ನೀನು ಅಣ್ಣನ ಕಾರ್ಯಕ್ಕೆ ಕೂರಬೇಕು.

ಭಟ್ಟರು ಏನು ಹೇಳಿದರು ಎಂದು ಅತ್ತಿಗೆ ರಾತ್ರಿಯೇ ಇಲ್ಲಿ ಹಾಕಲಿ. ನೀನು ಬರೆದ ಮೇಲ್ ಅನ್ನು ಕಳಿಸುವ ಮುಂಚೆ ನನಗೆ ತೋರಿಸು, ಬೆಳಿಗ್ಗೆ ಎಂಟಕ್ಕೆ ನೋಡಿ ತಿದ್ದಿಕೊಡುತ್ತೇನೆ.