ರಾತ್ರಿಯ ನೀರಿನ ಮಾತ್ರೆ ಮತ್ತು ಬೆಳಗಿನ ತಲೆಸುತ್ತು

ಪ್ರಶ್ನೆ (ವಿಜಯನಗರದ ಸದಸ್ಯೆ): ನಮ್ಮ ತಂದೆಗೆ 67 ವರ್ಷ. ಹೃದಯದ ಪಂಪಿಂಗ್ ಕಡಿಮೆ ಎಂದು ಕಳೆದ ತಿಂಗಳು ಆಸ್ಪತ್ರೆಗೆ ಸೇರಿಸಿದ್ದೆವು. ಫ್ಯೂರೋಸೆಮೈಡ್ 40 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬರೆದಿದ್ದಾರೆ. ಬೆಳಿಗ್ಗೆ ತಿಂಡಿಯ ನಂತರ ಒಂದು, ರಾತ್ರಿ ಊಟವಾದ ಮೇಲೆ ಒಂದು ಕೊಡುತ್ತಿದ್ದೇವೆ. ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ತಲೆ ಸುತ್ತುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಕಾಲಿನ ಊತ ಪೂರ್ತಿ ಇಳಿದಿದೆ. ಮಾತ್ರೆಯನ್ನು ಯಾವ ಹೊತ್ತಿಗೆ ಕೊಡಬೇಕು? ಇದು ನೀರಿನಂಶ ಕಡಿಮೆಯಾದ ಲಕ್ಷಣವೇ, ಪೊಟ್ಯಾಸಿಯಂ ಕಡಿಮೆಯಾದದ್ದೇ?

ಉತ್ತರ (ಆಸ್ಪತ್ರೆಯ ಹೃದ್ರೋಗ ವಿಭಾಗದ ಔಷಧ ತಜ್ಞೆ): ಮೇಡಂ, ಮೊದಲು ಹೊತ್ತಿನ ವಿಷಯ. ಫ್ಯೂರೋಸೆಮೈಡ್ ನುಂಗಿದ ಅರ್ಧದಿಂದ ಒಂದು ಗಂಟೆಯೊಳಗೆ ಮೂತ್ರ ಹೆಚ್ಚಾಗಲು ಶುರುವಾಗುತ್ತದೆ, ಮುಂದಿನ ಒಂದೆರಡು ಗಂಟೆ ಅದರ ರಭಸ ಹೆಚ್ಚಿರುತ್ತದೆ, ಆರರಿಂದ ಎಂಟು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಆದ್ದರಿಂದ ರಾತ್ರಿ ಎಂಟಕ್ಕೆ ನುಂಗಿದ ಮಾತ್ರೆ ಸರಿರಾತ್ರಿಯವರೆಗೂ ಅವರನ್ನು ಎಬ್ಬಿಸುತ್ತದೆ. ದಿನಕ್ಕೆ ಎರಡು ಬಾರಿ ಎಂದು ಬರೆದಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆ ಏಳೆಂಟು ಗಂಟೆಗೆ ಒಂದು, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇನ್ನೊಂದು ಎಂದೇ ಅರ್ಥ. ಬೆಳಿಗ್ಗೆ ಬಸ್ಸಿನಲ್ಲಿ ದೂರ ಹೋಗಬೇಕಾದ ದಿನ ಅನೇಕರು ಶೌಚಾಲಯದ ಭಯದಿಂದ ಮಾತ್ರೆಯನ್ನೇ ಬಿಡುತ್ತಾರೆ. ಬಿಡುವುದಕ್ಕಿಂತ ಮನೆಗೆ ಮರಳಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ತೆಗೆದುಕೊಳ್ಳುವುದು ವಾಸಿ.

ಆದರೆ ನಿಮ್ಮ ತಂದೆಯ ವಿಷಯದಲ್ಲಿ ಹೊತ್ತು ಬದಲಿಸಿ ಸುಮ್ಮನಾಗಬೇಡಿ. ಊತ ಪೂರ್ತಿ ಇಳಿದ ಮೇಲೂ ಅದೇ ಪ್ರಮಾಣ ಮುಂದುವರಿದಿದ್ದು, ಈಗ ಎದ್ದಾಗ ತಲೆ ಸುತ್ತುತ್ತಿದೆ ಎಂದರೆ, ಮಾತ್ರೆ ಬೇಕಾದದ್ದಕ್ಕಿಂತ ಹೆಚ್ಚು ನೀರನ್ನು ಹೊರಹಾಕುತ್ತಿರಬಹುದು. ಮುಂದಿನ ಮಾತ್ರೆಗೆ ಮುಂಚೆಯೇ ವೈದ್ಯರಿಗೆ ಫೋನ್ ಮಾಡಿ. ಅದಕ್ಕೆ ಮೊದಲು ಎರಡು ಅಳತೆ ಬೇಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ತೂಕ ನೋಡಿ, ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ತೂಕದ ಪಕ್ಕದಲ್ಲಿ ಬರೆಯಿರಿ. ನಂತರ ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ. ನಿಲ್ಲಿಸಿ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿ. ನಿಲ್ಲುವಾಗ ಬೀಳದಂತೆ ಒಬ್ಬರು ಪಕ್ಕದಲ್ಲಿರಲಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಬಾಯಿ ಒಣಗುವುದು, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುವುದು, ಮಂಪರು ಕೂಡ ಇದೇ ಕಡೆ ಬೆರಳು ತೋರಿಸುತ್ತವೆ.

ಪೊಟ್ಯಾಸಿಯಂ ಬೇರೆ ವಿಷಯ. ಈ ಮಾತ್ರೆ ನೀರಿನೊಂದಿಗೆ ಅದನ್ನೂ ಹೊರಹಾಕುತ್ತದೆ. ಸ್ನಾಯು ಸೋಲುವುದು, ಸೆಳೆತ, ಮಲಬದ್ಧತೆ, ಎದೆಬಡಿತ ತಪ್ಪಿದಂತೆ ಅನಿಸುವುದು ಅದರ ಕೊರತೆಯಿಂದ ಬರಬಹುದು. ಆದರೆ ಸೆಳೆತ ನೀರು ಕಡಿಮೆಯಾದರೂ ಬರುತ್ತದೆ, ಮತ್ತು ಪೊಟ್ಯಾಸಿಯಂ ಸಾಕಷ್ಟು ಇಳಿದಿದ್ದರೂ ಕೆಲವರಿಗೆ ಏನೂ ಅನಿಸುವುದಿಲ್ಲ. ಆದ್ದರಿಂದ ಲಕ್ಷಣ ನೋಡಿ ನಿರ್ಧರಿಸಲಾಗದು. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ರಕ್ತಪರೀಕ್ಷೆ ಇಂದೇ ಮಾಡಿಸಿ. ಡಿಗಾಕ್ಸಿನ್ ಮಾತ್ರೆಯೂ ಇದ್ದರೆ ಕೂಡಲೇ ತಿಳಿಸಿ, ಏಕೆಂದರೆ ಪೊಟ್ಯಾಸಿಯಂ ಇಳಿದಾಗ ಅದರ ವಿಷಪ್ರಭಾವ ಹೆಚ್ಚುತ್ತದೆ. ಪ್ರಜ್ಞೆ ತಪ್ಪಿದರೆ ಅಥವಾ ಎದೆಬಡಿತ ತಾಳ ತಪ್ಪಿ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ನಿವೃತ್ತ ಶಿಕ್ಷಕರು, ಬಸವನಗುಡಿ: ತಾಯಿ, ನಾನು ಇದೇ ನೀರಿನ ಮಾತ್ರೆ ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಸೆಳೆತ ಬಂದರೆ ದಿನಕ್ಕೆರಡು ಎಳನೀರು ಕೊಡಿ, ಅದರಲ್ಲಿ ಪೊಟ್ಯಾಸಿಯಂ ತುಂಬಿದೆ, ಎರಡೇ ದಿನದಲ್ಲಿ ಸರಿಹೋಗುತ್ತದೆ. ಪರೀಕ್ಷೆಗೆ ಸುಮ್ಮನೆ ಹಣವೇಕೆ?

ಔಷಧ ತಜ್ಞೆ: ಸರ್, ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ ಎಂಬುದು ನಿಜ. ಆದರೆ ಯಾವ ನೀರಿನ ಮಾತ್ರೆ ಎಂಬುದರ ಮೇಲೆ ಅದು ಒಳ್ಳೆಯದೋ ಅಪಾಯವೋ ಎಂದು ನಿರ್ಧಾರವಾಗುತ್ತದೆ. ಫ್ಯೂರೋಸೆಮೈಡ್, ಟಾರ್ಸೆಮೈಡ್ ಪೊಟ್ಯಾಸಿಯಂ ಇಳಿಸುತ್ತವೆ. ಸ್ಪಿರೊನೊಲ್ಯಾಕ್ಟೋನ್ ಅದನ್ನು ದೇಹದಲ್ಲೇ ಉಳಿಸುತ್ತದೆ. ಇವೆರಡನ್ನೂ ಸೇರಿಸಿದ ಒಂದೇ ಮಾತ್ರೆಯೂ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ, ಹಲವರಿಗೆ ತಾವು ಎರಡು ಔಷಧ ನುಂಗುತ್ತಿರುವುದೇ ತಿಳಿದಿರುವುದಿಲ್ಲ. ಅಂಥವರು, ಅದರಲ್ಲೂ ರಾಮಿಪ್ರಿಲ್‌ನಂಥ ಮಾತ್ರೆ ಜೊತೆಗಿದ್ದು ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರೆ, ದಿನಕ್ಕೆರಡು ಎಳನೀರು ಕುಡಿದಾಗ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಬಹುದು, ಮತ್ತು ಏರಿದಾಗಲೂ ಮೊದಲು ಕಾಣುವುದು ಅದೇ ಸ್ನಾಯು ಸೋಲು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಪರೀಕ್ಷೆಯ ಹಣ ಇಲ್ಲಿ ವ್ಯರ್ಥವಲ್ಲ.

ಸದಸ್ಯೆ, ಯಲಹಂಕ: ನನಗೂ ಸಂಜೆ ಪಾದ ಊದುತ್ತದೆ, ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತೇನೆ. ಅಣ್ಣನ ಮನೆಯಲ್ಲಿ ಇದೇ ನೀರಿನ ಮಾತ್ರೆ ಉಳಿದಿದೆ. ನಾನೂ ಮಧ್ಯಾಹ್ನ ಒಂದು ನುಂಗಲೇ?

ಔಷಧ ತಜ್ಞೆ: ದಯವಿಟ್ಟು ಬೇಡ. ಆಮ್ಲೋಡಿಪಿನ್‌ನಿಂದ ಬರುವ ಊತ ದೇಹದಲ್ಲಿ ನೀರು ಹೆಚ್ಚಾಗಿ ಆದದ್ದಲ್ಲ, ಸಣ್ಣ ರಕ್ತನಾಳಗಳಿಂದ ನೀರು ಪಾದದ ಸುತ್ತ ಸೋರಿ ಬಂದದ್ದು. ಅದಕ್ಕೆ ನೀರಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಪ್ರಮಾಣ ಇಳಿಸುವ ಅಥವಾ ಮಾತ್ರೆ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಒಂದೇ ಕಾಲು ಊದಿದ್ದರೆ ಅಥವಾ ಏದುಸಿರು ಇದ್ದರೆ ತಡ ಮಾಡಬೇಡಿ.

ಪ್ರಶ್ನೆ ಕೇಳಿದವರು (ಮೂರು ದಿನಗಳ ನಂತರ): ತೂಕ ಬಿಡುಗಡೆಯ ದಿನ 62 ಕಿಲೋ ಇತ್ತು, ಈಗ 58.5. ಮಲಗಿದಾಗ ರಕ್ತದೊತ್ತಡ 116, ನಿಂತಾಗ 90. ಪೊಟ್ಯಾಸಿಯಂ 3.2, ಕ್ರಿಯಾಟಿನಿನ್ 1.1ರಿಂದ 1.5ಕ್ಕೆ ಏರಿದೆ. ವಿಚಾರಿಸಿದಾಗ ತಿಳಿಯಿತು, ರಾತ್ರಿ ಏಳಬೇಕಾಗುತ್ತದೆಂದು ತಂದೆ ನೀರು ಕುಡಿಯುವುದನ್ನೇ ತೀರಾ ಕಡಿಮೆ ಮಾಡಿದ್ದರಂತೆ. ವೈದ್ಯರು ಮಾತ್ರೆಯನ್ನು ಎರಡು ದಿನ ನಿಲ್ಲಿಸಿ, ಇನ್ನು ಬೆಳಿಗ್ಗೆ ಒಂದೇ ಎಂದಿದ್ದಾರೆ, ದಿನಕ್ಕೆ ಒಂದೂವರೆ ಲೀಟರ್ ನೀರು ಕುಡಿಯಲು ಹೇಳಿದ್ದಾರೆ, ಸ್ಪಿರೊನೊಲ್ಯಾಕ್ಟೋನ್ 25 ಮಿಲಿಗ್ರಾಂ ಸೇರಿಸಿದ್ದಾರೆ. ತಲೆಸುತ್ತು ಬಹುತೇಕ ನಿಂತಿದೆ, ಸೆಳೆತ ಮಾತ್ರ ಇನ್ನೂ ಇದೆ.

ಔಷಧ ತಜ್ಞೆ: ಬಿಡುಗಡೆಯ ತೂಕಕ್ಕಿಂತ ಮೂರೂವರೆ ಕಿಲೋ ಇಳಿದದ್ದು, ನಿಂತಾಗ 26ರಷ್ಟು ಕುಸಿದದ್ದು, ಕ್ರಿಯಾಟಿನಿನ್ ಏರಿದ್ದು, ಮೂರೂ ಒಂದೇ ಮಾತು ಹೇಳುತ್ತವೆ: ನೀರು ಅತಿಯಾಗಿ ಹೋಗಿದೆ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿರುವುದರಿಂದ ಎರಡೂ ಕಾರಣ ಒಟ್ಟಿಗಿದ್ದವು. ಪ್ರಮಾಣ ಇಳಿಸಿದ ಮೇಲೆ ಈಗ ಎದುರು ದಿಕ್ಕಿನ ಎಚ್ಚರ ಬೇಕು: ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಪಾದ ಮತ್ತೆ ಊದಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಎಷ್ಟು ತೂಕಕ್ಕೆ ನಿಲ್ಲಿಸಬೇಕೆಂಬ ಗುರಿಯನ್ನು ಅವರಿಂದಲೇ ಬರೆಸಿಕೊಳ್ಳಿ.

ಸ್ಪಿರೊನೊಲ್ಯಾಕ್ಟೋನ್ ಶುರುವಾಗಿರುವುದರಿಂದ ಇನ್ನು ದಿನವೂ ಎಳನೀರು ಕೊಡುವ ಯೋಚನೆ ಬಿಡಿ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಅನ್ನು ಒಂದು ವಾರದೊಳಗೆ ಮತ್ತೆ ನೋಡಿಸಿ. ವಾಂತಿಯೋ ಭೇದಿಯೋ ಶುರುವಾದರೆ ಎರಡೂ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ಅದೇ ದಿನ ಕೇಳಿ. ಸೆಳೆತಕ್ಕೆ ಕಾರಣ ಮೆಗ್ನೀಸಿಯಂ ಇದ್ದೀತು. ಫ್ಯೂರೋಸೆಮೈಡ್ ಅದನ್ನೂ ಕಳೆಯುತ್ತದೆ, ಮತ್ತು ಅದು ಕಡಿಮೆಯಿದ್ದಾಗ ಪೊಟ್ಯಾಸಿಯಂ ಏರಲು ಹಟ ಮಾಡುತ್ತದೆ. ಮುಂದಿನ ರಕ್ತಪರೀಕ್ಷೆಯ ಚೀಟಿಯಲ್ಲಿ ಅದನ್ನೂ ಸೇರಿಸಲು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಸೆಳೆತಕ್ಕೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿ. ಈ ಸ್ಥಿತಿಯ ಮೂತ್ರಪಿಂಡಕ್ಕೆ ಅವು ಹೊಡೆತ ಕೊಡುತ್ತವೆ, ನೀರಿನ ಮಾತ್ರೆಯ ಕೆಲಸವನ್ನೂ ತಗ್ಗಿಸುತ್ತವೆ.